ಕ್ಯಾಂಡಲ್ ಜೊತೆ ಹೋಗುವ ಕಾರ್ಡನ್ನು ಮೂರು ತುಂಡು ಮಾಡಿದೆ: ನನ್ನ ಅನುಭವ

"ಡಬ್ಬದೊಳಗಿನ ಕಾರ್ಡ್ ಯಾರು ಓದ್ತಾರೆ? ದುಡ್ಡು ದಂಡ" ಅಂತ ನನ್ನ ಜೊತೆ ಕ್ಯಾಂಡಲ್ ಮಾಡುವವರೆಲ್ಲ ಹೇಳುತ್ತಿದ್ದರು. ಕಾರ್ಡನ್ನು ಜಾರ್‌ನ ತಳಕ್ಕೆ ಅಂಟಿಸುತ್ತೇನೆ ಅಂದಾಗಲಂತೂ ಯಾರೂ ನಂಬಲಿಲ್ಲ. ಈಗ ಅವರಲ್ಲೇ ಕೆಲವರು ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸೋಯಾ ಮೇಣ, ಪಾರದರ್ಶಕ ಗಾಜಿನ ಜಾರ್, ಒಂದೇ ಬತ್ತಿ. ಬಾಯಿ ಸುಮಾರು 7 ಸೆಂಟಿಮೀಟರ್ ಅಗಲ, ಮೇಣ 200 ಗ್ರಾಂ. ಬರುತ್ತಿದ್ದ ದೂರುಗಳಲ್ಲಿ ಮುಕ್ಕಾಲು ಪಾಲು ಟನಲಿಂಗ್. ನಡುವೆ ಗುಂಡಿ ಬಿದ್ದು, ಸುತ್ತಲಿನ ಮೇಣ ಕರಗದೆ ಗೋಡೆಯ ಹಾಗೆ ನಿಂತಿರುವ ಫೋಟೋ ಬರುತ್ತಿತ್ತು. ಮನೆಯಲ್ಲಿ ಅದೇ ಬ್ಯಾಚ್ ಹಚ್ಚಿ ನೋಡಿದರೆ ಸರಿಯಾಗಿಯೇ ಉರಿಯುತ್ತಿತ್ತು. ಬತ್ತಿಯ ಗಾತ್ರ ಸರಿ ಇತ್ತು. ಕೊಂಡವರು ಮೊದಲ ದಿನ ಅರ್ಧ ಗಂಟೆ ಹಚ್ಚಿ, ಮೇಣ ಅಂಚಿನವರೆಗೆ ಕರಗುವ ಮೊದಲೇ ಆರಿಸುತ್ತಿದ್ದರು, ಅಷ್ಟೇ. ಆಗ 100 ಆರ್ಡರ್‌ಗೆ ಆರೇಳು ದೂರು ಬರುತ್ತಿದ್ದವು. ಒಂದು ಜಾರ್ ಬದಲಿ ಕಳಿಸಿದರೆ, ಸಾಗಣೆಯೂ ಸೇರಿ, ಹೆಚ್ಚುಕಡಿಮೆ ಮೂರು ಜಾರ್‌ಗಳ ಲಾಭ ಹೋಗುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಹಾಗಂತ ನನ್ನ ಡಬ್ಬದಲ್ಲಿ ಕಾರ್ಡ್ ಇರಲಿಲ್ಲ ಅಂತಲ್ಲ. ಅಂಗೈ ಅಗಲದ ಚಂದದ ಕಾರ್ಡೇ ಇತ್ತು. ಮೇಲೆ ಧನ್ಯವಾದ, ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತು ಸೂಚನೆ, ಹಿಂದೆ ರಿಯಾಯಿತಿ ಕೋಡ್. ಮೊದಲ ಸಲ ಎಷ್ಟು ಹೊತ್ತು ಉರಿಸಬೇಕು ಅನ್ನುವುದು ಆರನೇ ಸಾಲಿನಲ್ಲಿತ್ತು. ದೂರು ಕೊಟ್ಟವರನ್ನು "ಕಾರ್ಡ್ ನೋಡಿದ್ರಾ?" ಅಂತ ಕೇಳಲು ಶುರು ಮಾಡಿದೆ. ಹೆಚ್ಚಿನವರು ನೋಡಿದ್ದರು, ಚೆನ್ನಾಗಿದೆ ಅಂತಲೂ ಅಂದರು. ಆದರೆ ಡಬ್ಬ ಬಿಚ್ಚಿದ ದಿನ ಕಾರ್ಡ್ ನೋಡಿ, ಕ್ಯಾಂಡಲ್ ಹಚ್ಚಿದ್ದು ಮುಂದಿನ ವಾರ. ಅಷ್ಟರಲ್ಲಿ ಕಾರ್ಡ್ ಎಲ್ಲೋ, ಕ್ಯಾಂಡಲ್ ಎಲ್ಲೋ. ಅಂದರೆ ಮಾತು ಹೇಳುವ ಹೊತ್ತೇ ತಪ್ಪಾಗಿತ್ತು. ಕಡ್ಡಿ ಗೀರುವ ಕ್ಷಣದಲ್ಲಿ ಬೇಕಾದ ಸಾಲು, ಆ ಕ್ಷಣದಲ್ಲಿ ಕೈಗೆ ತಾಗುವ ಜಾಗದಲ್ಲಿ ಇರಬೇಕು. ಹಾಗಾಗಿ ಒಂದು ಕಾರ್ಡನ್ನು ಮೂರು ತುಂಡು ಮಾಡಿದೆ.

ಮೊದಲನೆಯದು ಜಾರ್‌ನ ಬಾಯಿಗೆ ಕೂರುವ ದುಂಡು ಕಾರ್ಡ್. ಧೂಳು ಬೀಳದಿರಲಿ ಅಂತ ಸುಮಾರು ಜನ ಇಂಥದ್ದು ಇಡುತ್ತಾರೆ, ಆದರೆ ಅದರ ಮೇಲೆ ಬರೀ ಲೋಗೋ ಹಾಕುತ್ತಾರೆ. ಇದನ್ನು ಎತ್ತದೆ ಬತ್ತಿ ಹಚ್ಚಲು ಆಗುವುದೇ ಇಲ್ಲ. ಅಂಥ ಜಾಗವನ್ನು ಲೋಗೋಗೆ ಯಾಕೆ ಕೊಡಬೇಕು? ನನ್ನ ಕಾರ್ಡಿನ ಮೇಲೆ ಇರುವುದು ಇಷ್ಟೇ:

"ಇದನ್ನು ತೆಗೆದು ಆಮೇಲೆ ಹಚ್ಚಿ. ಮೊದಲ ಸಲ 3 ಗಂಟೆ ಉರಿಯಲಿ. ಮೇಣ ಅಂಚಿನವರೆಗೆ ಕರಗಿದ ಮೇಲೆ ಆರಿಸಿ."

ಹಿಂದೆ ಇನ್ನೂ ಎರಡು ಸಾಲು. "ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ. ಒಮ್ಮೆಗೆ 4 ಗಂಟೆಗಿಂತ ಜಾಸ್ತಿ ಬೇಡ." ಉಳಿದದ್ದೆಲ್ಲ ಕ್ಯೂಆರ್ ಕೋಡ್ ತೆರೆಯುವ ವೆಬ್ ಪುಟಕ್ಕೆ ಹೋಯಿತು. 3 ಗಂಟೆ ಅನ್ನುವುದು ನನ್ನ ಜಾರ್‌ನ ಲೆಕ್ಕ. ಬಾಯಿಯ ಅಗಲ ಇಂಚಿಗೆ ಒಂದು ಗಂಟೆ ಅನ್ನುವ ಹಳೆಯ ಅಂದಾಜು ನಿಮಗೆ ಗೊತ್ತೇ ಇದೆ. ಆದರೆ ಅದನ್ನು ಕಾರ್ಡಿನ ಮೇಲೆ ಹಾಕಬೇಡಿ. ಕೊಂಡವರು ಅಳತೆ ಪಟ್ಟಿ ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ಜಾರನ್ನು ನೀವೇ ಹಚ್ಚಿ ನೋಡಿ, ಬಂದ ಗಂಟೆಯನ್ನೇ ಬರೆಯಿರಿ.

ಈ ದುಂಡು ಕಾರ್ಡ್ ಸಲೀಸಾಗಿ ಕೂರಲಿಲ್ಲ. ಸೆಕೆಗೆ ಮೇಣದ ಮೇಲೆ ಪರಿಮಳದ ಎಣ್ಣೆ ಬೆವರಿ ಕಾರ್ಡಿಗೆ ಕಲೆ ಹಿಡಿಯಿತು. ಕೆಳಬದಿಗೆ ಲ್ಯಾಮಿನೇಶನ್ ಮಾಡಿಸಿದೆ. ಒಂದೇ ಬದಿಗೆ ಮಾಡಿದ್ದರಿಂದ ತೇವದ ಗಾಳಿಗೆ ಕಾರ್ಡ್ ಬಟ್ಟಲಿನ ಹಾಗೆ ಮಡಚಿಕೊಂಡಿತು. ಅಷ್ಟೂ ಕಟ್ಟು ರದ್ದಿಗೆ ಹೋಯಿತು. ಈಗ 300 ಜಿಎಸ್ಎಂನ ಲ್ಯಾಮಿನೇಶನ್ ಇಲ್ಲದ ಕಾಗದ ಬಳಸುತ್ತೇನೆ. ಅದರ ಕೆಳಗೆ ಬೆಣ್ಣೆ ಕಾಗದದ ಒಂದು ಬಿಲ್ಲೆ. ಕಾರ್ಡ್ ಮೇಣಕ್ಕೆ ತಾಗದೆ ಅಂಚಿನ ಮೇಲೆ ಕೂರುವಷ್ಟೇ ಅಗಲ. ಎತ್ತಲು ಒಂದು ಕಿವಿ ಬಿಟ್ಟು ಕತ್ತರಿಸಿಕೊಡಿ ಅಂತ ಪ್ರೆಸ್‌ನವರಿಗೆ ಹೇಳಿ. ಅದಿಲ್ಲದಿದ್ದರೆ ಉಗುರು ಹಾಕಿ ಎಬ್ಬಿಸಬೇಕಾಗುತ್ತದೆ. ಬಿಸಿ ಜಾರ್ ಮೇಲೆ ಕಾಗದ ವಾಪಸ್ ಮುಚ್ಚುವವರೂ ಇದ್ದಾರೆ. ಅದಕ್ಕೇ "ತಣ್ಣಗಾದ ಮೇಲೆ ಮುಚ್ಚಿ" ಅಂತ ಕಿವಿಯ ಮೇಲೇ ಅಚ್ಚು ಹಾಕಿಸಿದೆ. ಇದೊಂದನ್ನು ಬಿಡಲೇಬೇಡಿ, ಬೆಂಕಿಯ ವಿಷಯ.

ಇಷ್ಟು ಮಾಡಿದ ಮೇಲೆ ದೂರು 100ಕ್ಕೆ ಒಂದೆರಡಕ್ಕೆ ಇಳಿಯಿತು. ಕಾರ್ಡಿನ ಖರ್ಚು ಜಾರ್‌ನ ಬೆಲೆಯ ನೂರನೇ ಒಂದು ಪಾಲಿನಷ್ಟೂ ಇಲ್ಲ. ಬದಲಿ ಕಳಿಸುವುದು ನಿಂತ ದುಡ್ಡಲ್ಲೇ ಕಾರ್ಡಿನ ಖರ್ಚು ಕಳೆದು ಎಷ್ಟೋ ಉಳಿಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಟನಲಿಂಗ್ ಆದರೆ ಜಾರ್ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ನಡುವೆ ತೂತು ಬಿಟ್ಟು ಉರಿಸುವ ಉಪಾಯ ಇದೆಯಲ್ಲ, ಅದನ್ನೂ ಕಾರ್ಡಿನ ಹಿಂದೆ ಹಾಕಿಸಿದೆ. ಅದು ತಿರುಗುಬಾಣವಾಯಿತು. ಇನ್ನೂ ಹಚ್ಚದವರು ಕೂಡ "ಇದು ಕೆಡುವ ಮಾಲಾ?" ಅಂತ ಕೇಳತೊಡಗಿದರು. ಪರಿಹಾರವನ್ನು ಕಾರ್ಡಿನ ಮೇಲೆ ಅಚ್ಚು ಹಾಕಿದರೆ ಸಮಸ್ಯೆಯನ್ನೂ ನಾವೇ ಹೇಳಿಕೊಟ್ಟಂತೆ. ಫಾಯಿಲ್ ಮಾತು ಈಗ ಕ್ಯೂಆರ್ ಪುಟದಲ್ಲಿದೆ, ಬೇಕಾದವರಿಗೆ ಸಿಗುತ್ತದೆ. ಕೋಡ್ 2 ಸೆಂಟಿಮೀಟರ್‌ಗಿಂತ ಚಿಕ್ಕದಿರಬಾರದು, ಸುತ್ತ ಬಿಳಿ ಜಾಗ ಇರಬೇಕು. ಕಂದು ಕಾಗದದ ಮೇಲೆ ಚಿನ್ನದ ಬಣ್ಣದಲ್ಲಿ ಹಾಕಿಸಿ ನೋಡಿದ್ದೇನೆ. ನೋಡಲು ಬಹಳ ಚಂದ, ಆದರೆ ಅರ್ಧದಷ್ಟು ಫೋನ್‌ಗಳು ಓದಲಿಲ್ಲ.

ಎರಡನೆಯ ತುಂಡು ಮತ್ತೆ ಕೊಳ್ಳುವುದಕ್ಕೆ. ಇದನ್ನು ಹೇಳಲೇ ನನಗೆ ಆಸೆ. ಮೊದಲು ಎಲ್ಲರ ಹಾಗೆ ನಾನೂ 10% ರಿಯಾಯಿತಿ ಕೋಡ್ ಕೊಡುತ್ತಿದ್ದೆ, 30 ದಿನದ ಗಡುವು ಹಾಕಿ. ಆಗ ಗಡುವು ಹಾಕಿದರೇ ಜನ ಬೇಗ ಕೊಳ್ಳುತ್ತಾರೆ ಅನ್ನುವ ಮಾತಿತ್ತು. ಆದರೆ ನಮ್ಮ ಮಾಲಿನ ಲೆಕ್ಕ ನೋಡಿ. 200 ಗ್ರಾಂನಲ್ಲಿ ತಳದ 1 ಸೆಂಟಿಮೀಟರ್ ಬಿಡಬೇಕು, ಅದು ಸುಮಾರು 35 ಗ್ರಾಂ. ಉಳಿದದ್ದು ಗಂಟೆಗೆ 5 ಗ್ರಾಂನಂತೆ ಉರಿದರೆ 33 ಗಂಟೆ ಬರುತ್ತದೆ. ವಾರಕ್ಕೆ ಐದು ಗಂಟೆ ಹಚ್ಚುವವರಿಗೆ ಮುಗಿಯಲು ಆರೇಳು ವಾರ ಬೇಕು. ಮೊದಲನೆಯದು ಮುಗಿಯುವ ಮೊದಲೇ ಕೋಡ್ ಸತ್ತಿರುತ್ತಿತ್ತು. ಗಡುವಿನೊಳಗೆ ಬಳಸಿದವರು ಹೇಗೂ ಉಡುಗೊರೆಗೆ ಅಂತ ಎರಡನೆಯದು ಕೊಳ್ಳುತ್ತಿದ್ದವರೇ. ಅವರಿಗೆ ಸುಮ್ನೆ 10% ಬಿಟ್ಟುಕೊಟ್ಟೆ.

ಮತ್ತೆ ಕೊಳ್ಳುವ ಮಾತು ಬರಬೇಕಾದದ್ದು ಕ್ಯಾಂಡಲ್ ಮುಗಿಯುವ ದಿನ. ಆ ದಿನ ಅವರ ಕೈಯಲ್ಲಿರುವುದು ಜಾರ್ ಒಂದೇ. ಸೋಯಾ ಮೇಣ ಗಟ್ಟಿ ಇದ್ದಾಗ ಬೆಳ್ಳಗೆ, ಆಚೆ ಏನೂ ಕಾಣದು. ಕರಗಿದಾಗ ನೀರಿನಷ್ಟು ತಿಳಿ. ತಳದ ಕೊನೆಯ ಪದರ ಪೂರ್ತಿ ಕರಗಿದಾಗ ಜಾರ್‌ನ ತಳ ಮೇಲಿಂದ ಕಾಣುತ್ತದೆ. ಹಾಗಾದರೆ ತಳದಲ್ಲೇ ಬರೆದರೆ?

ಪಾರದರ್ಶಕ ಸ್ಟಿಕರ್ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಅಚ್ಚು ಹಾಕಿಸಿ, ಜಾರ್‌ನ ತಳಕ್ಕೆ ಹೊರಗಿನಿಂದ ಅಂಟಿಸಿದೆ. ಅದರ ಮೇಲೆ ಮಾಮೂಲಿ ಬಿಳಿ ಎಚ್ಚರಿಕೆ ಲೇಬಲ್. ಮೇಲಿಂದ ನೋಡಿದರೆ ಬಿಳಿ ಹಿನ್ನೆಲೆಯಲ್ಲಿ ಅಕ್ಷರ ನೇರವಾಗಿ ಕಾಣುತ್ತದೆ. ನಡುವೆ ಬತ್ತಿಯ ಲೋಹದ ಬಿಲ್ಲೆ ಅಡ್ಡ ಬರುತ್ತದೆ, ಆದ್ದರಿಂದ ಸಾಲನ್ನು ಬಳೆಯ ಹಾಗೆ ಸುತ್ತ ಓಡಿಸಿ. ಅದರಲ್ಲಿ ಇರುವುದು: "ಇಲ್ಲಿಗೆ ಆರಿಸಿ. ಇದೇ ಪರಿಮಳ ಮತ್ತೆ ಬೇಕಾದರೆ 'ತಳ' ಅಂತ ಬರೆದು ಕಳಿಸಿ." ಕೆಳಗೆ ಬ್ಯಾಚ್ ನಂಬರ್. ಪರಿಮಳದ ಹೆಸರು ಮರೆತವರು ಆ ನಂಬರ್ ಹೇಳಿದರೆ ಸಾಕು. ಹೆಸರು ಮರೆತು ಮರಳಿ ಬಾರದವರು ಬಹಳ ಜನ ಇದ್ದರು ಅನ್ನುವುದು ಆಮೇಲೆ ತಿಳಿಯಿತು.

ಅಂಟಿಸುವುದು ಮೇಣ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಜಾರ್‌ಗೆ ಅಂಟಿಸಿದರೆ ಗುಳ್ಳೆ ಏಳುತ್ತದೆ. ಯಾವ ಅಂಟು, ಯಾವ ಶಾಯಿ ಕೊನೆಯ ಬಿಸಿಯನ್ನೂ ತಡೆಯುತ್ತದೆ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ. ಅದಕ್ಕೆ ನನ್ನ ದುಡ್ಡು ಸಾಕಷ್ಟು ಹೋಗಿದೆ. ನಿಮ್ಮ ಜಾರ್‌ನಲ್ಲಿ ಕೊನೆಯವರೆಗೆ ಉರಿಸಿ ಪರೀಕ್ಷೆ ಮಾಡಿ. ಅಕ್ಷರ ಹರಡಿದರೆ ಆ ಸ್ಟಿಕರ್ ಬೇಡ.

ಇದರಿಂದ ಎಣಿಸದ ಲಾಭವೊಂದು ಸಿಕ್ಕಿತು. ಸುತ್ತ ಮೇಣದ ಗೋಡೆ ನಿಂತಿದ್ದೂ ತಳದ ಅಕ್ಷರ ಕಾಣುತ್ತಿದೆ ಅಂದರೆ ಟನಲಿಂಗ್ ಅಂತಲೇ ಅರ್ಥ. ಫೋಟೋ ನೋಡಿದ ಕೂಡಲೇ ಹೇಳಬಹುದು.

'ತಳ' ಅನ್ನುವ ಮಾತನ್ನು ಬೇರೆಲ್ಲೂ ಹಾಕಿಲ್ಲ, ಹಾಗಾಗಿ ಯಾರು ಎಲ್ಲಿಂದ ಬಂದರು ಅನ್ನುವುದು ಪುಸ್ತಕದಲ್ಲಿ ಬರೆದಿಡಲು ಸುಲಭ. ಮೊದಲು ನಾಲ್ಕು ತಿಂಗಳೊಳಗೆ ಮತ್ತೆ ಕೊಳ್ಳುತ್ತಿದ್ದವರು 100ಕ್ಕೆ ಎಂಟೊಂಬತ್ತು ಜನ. ಈಗ ಇಪ್ಪತ್ತರ ಹತ್ತಿರ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 'ತಳ' ಅಂತ ಬರೆದೇ ಬರುತ್ತಾರೆ. ಆ ಹೊತ್ತಿಗೆ ಎರಡು ಹೊಸ ಪರಿಮಳವನ್ನೂ ತಂದಿದ್ದೆ, ಆದ್ದರಿಂದ ಪೂರ್ತಿ ಶ್ರೇಯ ಸ್ಟಿಕರ್‌ಗೆ ಕೊಡುವುದಿಲ್ಲ. ರಿಯಾಯಿತಿ ಮಾತ್ರ ನಿಲ್ಲಿಸಿಬಿಟ್ಟೆ. ಯಾರೂ ಕೇಳಲಿಲ್ಲ.

ಮೂರನೆಯದು ಧನ್ಯವಾದ. ಇದು ಚಿಕ್ಕ ಚೀಟಿ, ಪೆನ್ನಲ್ಲಿ ಬರೆದದ್ದು. ಕೊಂಡವರ ಹೆಸರು, ಪರಿಮಳ, ಯಾವತ್ತು ಮೇಣ ಹೊಯ್ದೆ, ಇಷ್ಟೇ. ಸೂಚನೆ ಇಲ್ಲ, ಮಾರುವ ಮಾತೂ ಇಲ್ಲ. ಕೈಬರಹದಂಥ ಅಕ್ಷರದಲ್ಲಿ ಅಚ್ಚು ಹಾಕಿಸಿಯೂ ನೋಡಿದೆ. ಅದನ್ನು ಯಾರೂ ಫೋಟೋ ತೆಗೆದು ಹಾಕಲಿಲ್ಲ. ಪೆನ್ನಿನ ಚೀಟಿಯನ್ನು ಹಾಕುತ್ತಾರೆ. ನುಣುಪು ಕಾಗದ ತರಬೇಡಿ, ಶಾಯಿ ಒಣಗದೆ ಒರೆಸಿಕೊಳ್ಳುತ್ತದೆ.

ಬೇರೆಯವರ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರುವವರು ಅಲ್ಲಿನ ನಿಯಮ ಓದಿಕೊಳ್ಳಿ. ನೇರವಾಗಿ ನಮ್ಮಲ್ಲೇ ಕೊಳ್ಳಿ ಅನ್ನುವ ಚೀಟಿಯನ್ನಾಗಲಿ, ಒಳ್ಳೆಯ ವಿಮರ್ಶೆಗೆ ಬದಲಾಗಿ ಉಡುಗೊರೆ ಅನ್ನುವುದನ್ನಾಗಲಿ ಇಂಥ ಕಡೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಖಾತೆಯನ್ನೇ ಮುಚ್ಚಬಹುದು. ಆ ಆರ್ಡರ್‌ಗಳಿಗೆ ನಾನು ತಳದಲ್ಲಿ "ಇಲ್ಲಿಗೆ ಆರಿಸಿ" ಮತ್ತು ಬ್ಯಾಚ್ ನಂಬರ್ ಮಾತ್ರ ಇರುವ ಬೇರೆ ಸ್ಟಿಕರ್ ಅಂಟಿಸುತ್ತೇನೆ. ತಗಡಿನ ಡಬ್ಬಿಗೂ ಬಣ್ಣದ ಗಾಜಿಗೂ ತಳದ ಉಪಾಯ ನಡೆಯುವುದಿಲ್ಲ. ತಗಡಿನ ಡಬ್ಬಿಗೆ ಈಗ ಮುಚ್ಚಳದ ಒಳಬದಿಯಲ್ಲಿ ಬರೆದು ನೋಡುತ್ತಿದ್ದೇನೆ. ಪ್ರತಿ ಸಲ ತೆರೆಯುವಾಗಲೂ ಕಾಣುವುದರಿಂದ ಬತ್ತಿ ಕತ್ತರಿಸುವ ಸಾಲಿಗೆ ಅದು ಒಳ್ಳೆಯ ಜಾಗ. ಮತ್ತೆ ಕೊಳ್ಳುವ ಸಾಲಿಗೆ ಇನ್ನೂ ಜಾಗ ಸಿಕ್ಕಿಲ್ಲ.