ಬಾಡಿಗೆ ಬಿಲ್ಲಿನಲ್ಲಿ ಮುರಿದುಕೊಂಡ ತಡದ ದಂಡ ವಾಪಸ್ ಬಂದಿದ್ದು ಹೀಗೆ

ಹುಬ್ಬಳ್ಳಿಯಿಂದ ಚೆನ್ನೈಗೆ ಲೋಡ್ ಹೋದ ಲಾರಿಯ ಬಿಲ್ಲಿನಲ್ಲಿ ಲಾಜಿಸ್ಟಿಕ್ಸ್ ಕಂಪನಿ ಮೂರು ದಿನ ತಡವೆಂದು ದಿನಕ್ಕೆ 1,500ರಂತೆ 4,500 ರೂಪಾಯಿ ಕಡಿತ ಮಾಡಿತ್ತು. ಕರಾರಿನ ಅವಧಿ 36 ತಾಸು.

ಬ್ರಾಂಚಿಗೆ ಫೋನ್ ಮಾಡಿದರೆ ‘ಸಿಸ್ಟಮ್ ಹಾಂಗ ತೋರಸ್ತದರಿ’ ಎಂಬ ಉತ್ತರ. ಡ್ರೈವರ್ ಹೇಳಿಕೆ, ವಾಟ್ಸಾಪ್ ಫೋಟೊ ನಡೆಯಲಿಲ್ಲ. ಫಾಸ್ಟ್ಯಾಗ್ ಸ್ಟೇಟ್ಮೆಂಟ್ ಲಾರಿ ಟೋಲ್ ದಾಟಿದ ಹೊತ್ತನ್ನಷ್ಟೇ ತೋರಿಸುತ್ತದೆ, ಗೋದಾಮು ಮುಟ್ಟಿದ್ದನ್ನಲ್ಲ.

ಕೆಲಸವಾದದ್ದು ಕರಾರಿನ ವ್ಯಾಖ್ಯೆಯಿಂದ. ಅದರ ಪ್ರಕಾರ ಅವಧಿ ಮುಗಿಯುವುದು ಲಾರಿ ಗೋದಾಮಿನ ಗೇಟಿಗೆ ವರದಿಯಾದಾಗ. ಕಂಪನಿ ಮಾತ್ರ ಮಾಲು ಇಳಿಸಿ ಸಹಿಯಾದ ಹೊತ್ತನ್ನು ಹಿಡಿದಿತ್ತು. ಎಲ್‌ಆರ್ ಎಂಬ ಲಾರಿ ರಸೀದಿ ಆದದ್ದು ಸೋಮವಾರ ಸಂಜೆ 6ಕ್ಕೆ, ಗೇಟಿಗೆ ಬಂದದ್ದು ಬುಧವಾರ ಬೆಳಗಿನ 5ಕ್ಕೆ, ಅಂದರೆ 35 ತಾಸು. ಇಳಿಸಿದ್ದು ಶುಕ್ರವಾರ ಮಧ್ಯಾಹ್ನ 12ಕ್ಕೆ. ಉಳಿದದ್ದೆಲ್ಲ ಗೇಟಿನ ಮುಂದೆ ಕಾದ ಹೊತ್ತು.

ಈ ಮೂರು ಹೊತ್ತುಗಳನ್ನು ಒಂದೇ ಪುಟದಲ್ಲಿ ಸಾಲಾಗಿ ಬರೆದು, ಮೇಲೆ ಕರಾರಿನ ಷರತ್ತಿನ ಸಂಖ್ಯೆ ಮತ್ತು ಅದರ ಪೂರ್ತಿ ವಾಕ್ಯ ಹಾಕಬೇಕು. ಜೊತೆಗೆ ಗೇಟ್ ಸಿಕ್ಕೆ ಬಿದ್ದ ಎಲ್‌ಆರ್ ಪ್ರತಿ ಮತ್ತು ಜಿಪಿಎಸ್ ಹಿಸ್ಟರಿ ರಿಪೋರ್ಟ್ ಬೇಕು. ಲೈವ್ ಮ್ಯಾಪಿನ ಸ್ಕ್ರೀನ್‌ಶಾಟ್ ಸಾಲದು; ಗಾಡಿ ನಂಬರ್, ತಾರೀಖು, ನಿಂತ ಜಾಗ, ನಿಂತ ಹೊತ್ತು ಇರುವ ಫೈಲನ್ನೇ ಇಳಿಸಿಕೊಳ್ಳಿ. ಹಳೆಯ ದಾಖಲೆ ಪೋರ್ಟಲಿನಿಂದ ಅಳಿಸಿಹೋಗಬಹುದು, ಆದ್ದರಿಂದ ಟ್ರಿಪ್ ಮುಗಿದ ಕೂಡಲೇ ತೆಗೆದಿಡುವುದು ಒಳ್ಳೆಯದು.

ಇಮೇಲ್ ಹೋಗಬೇಕಾದದ್ದು ಬ್ರಾಂಚಿಗಲ್ಲ, ಕರಾರಿನ ನೋಟಿಸ್ ಷರತ್ತಿನಲ್ಲಿರುವ ವಿಳಾಸಕ್ಕೆ, ತಕರಾರಿನ ಗಡುವಿನೊಳಗೆ. ಹಾಗೆ ಕಳಿಸಿದ ಮೇಲೆ ಪೂರ್ತಿ ಮೊತ್ತ ಮುಂದಿನ ಬಿಲ್ಲಿಗೆ ಜಮೆಯಾಯಿತು. ಲಾರಿ ಕಾದು ನಿಂತದ್ದಕ್ಕೆ ಕೇಳುವ ಹಾಲ್ಟಿಂಗ್ ಹಣವನ್ನು ಇದೇ ಪತ್ರದಲ್ಲಿ ಸೇರಿಸಬೇಡಿ, ಬೇರೆ ಪತ್ರದಲ್ಲಿ ಕೇಳಿ.