ಓಟಿಪಿ ಹಾಕಿ ಕಟ್ಟಿದ ಹಣ ವಾಪಸ್ ತಂದ ಏಳು ವಾಕ್ಯ

"ಓಟಿಪಿ ನೀವೇ ಹಾಕಿದ್ದೀರಲ್ಲ, ಇನ್ನು ಆ ಹಣ ಮರೆತುಬಿಡಿ" ಅಂತ ಮೂಡಿಗೆರೆಯಲ್ಲಿ ಕೇಳಿದವರೆಲ್ಲ ಹೇಳಿದ್ದರು. ಆದರೂ, ಕೈಗೆ ಬಾರದೇ ಹೋದ ಪವರ್ ಸ್ಪ್ರೇಯರ್‌ಗೆ ಆನ್‌ಲೈನ್‌ನಲ್ಲಿ ಕಟ್ಟಿದ್ದ 18,400 ರೂಪಾಯಿ ಪೂರ್ತಿ ಕಾರ್ಡಿಗೆ ಬಂತು. ಅದಕ್ಕೆ ಮುಂಚೆ ಬೇರೊಂದು ಕ್ಲೇಮಿನಲ್ಲಿ ಸುಮಾರು ಆರು ಸಾವಿರ ಹೋಗಿತ್ತು. ಅಲ್ಲಿ ಎರಡು ಪುಟ ಬರೆದದ್ದಷ್ಟೇ ತಪ್ಪಲ್ಲ. ಮೊದಲ ಸಾಲಿನಲ್ಲೇ "ವಂಚನೆ" ಎಂಬ ಪದ ಹಾಕಿದ್ದೆ, ಕೆಡಿಸಿದ್ದು ಅದು.

ವಂಚನೆ ಎಂದು ಓದಿದ ಕೂಡಲೇ ಬ್ಯಾಂಕಿನವರು ಅದನ್ನು ಅನಧಿಕೃತ ವಹಿವಾಟಿನ ಸಾಲಿಗೆ ತಳ್ಳುತ್ತಾರೆ. ಆ ಸಾಲಿನಲ್ಲಿ ಅವರು ಕೇಳುವುದು ಒಂದೇ: ಕಾರ್ಡು ಬಳಸಿದ್ದು ನೀವೋ, ಬೇರೆಯವರೋ? ಓಟಿಪಿ ದಾಖಲೆ ಉತ್ತರ ಹೇಳುತ್ತದೆ, ಕ್ಲೇಮು ಅಲ್ಲಿಗೇ ಮುಗಿಯಿತು. "ಹಣ ನಾನೇ ಕಟ್ಟಿದೆ, ಮಾಲು ಬರಲಿಲ್ಲ" ಅನ್ನುವುದು ಬೇರೆಯೇ ಬಾಬತ್ತು. ವೀಸಾದಲ್ಲಿ ಅದರ ಸಂಖ್ಯೆ 13.1, ಮಾಸ್ಟರ್‌ಕಾರ್ಡ್‌ನಲ್ಲಿ 4853ರ ಅಡಿ ಬರುತ್ತದೆ. ಅಲ್ಲಿ ಓಟಿಪಿ ಅಡ್ಡ ಬರುವುದಿಲ್ಲ, ಮಾಲು ತಲುಪಿಸಿದ್ದಕ್ಕೆ ಮಾರಿದವನೇ ಪುರಾವೆ ಕೊಡಬೇಕು.

ಈ ಸಲ ಬ್ಯಾಂಕಿನ ಫಾರಂನ ವಿವರಣೆ ಜಾಗಕ್ಕೆ ಹೋದದ್ದು ಇಷ್ಟೇ, ಇಂಗ್ಲಿಷಿನಲ್ಲಿ, ಇದೇ ಕ್ರಮದಲ್ಲಿ:

"ಮಾರ್ಚ್ 4ರಂದು ಈ ಕಾರ್ಡಿನಿಂದ ನಾನೇ ಒಂದು ಪವರ್ ಸ್ಪ್ರೇಯರ್‌ಗೆ 18,400 ರೂ. ಪಾವತಿಸಿದೆ. ಮಾರ್ಚ್ 18ರೊಳಗೆ ತಲುಪಿಸುವುದಾಗಿ ಆರ್ಡರ್ ಇಮೇಲ್‌ನಲ್ಲಿದೆ. ಈವರೆಗೆ ಮಾಲು ಬಂದಿಲ್ಲ, ಟ್ರ್ಯಾಕಿಂಗ್ ನಂಬರನ್ನೂ ಕೊಟ್ಟಿಲ್ಲ. ಮಾರ್ಚ್ 22 ಮತ್ತು ಏಪ್ರಿಲ್ 2ರಂದು ಇಮೇಲ್ ಮಾಡಿದೆ. ಏಪ್ರಿಲ್ 3ರಂದು 'ಮುಂದಿನ ವಾರ' ಎಂದವರು ಮತ್ತೆ ಉತ್ತರಿಸಿಲ್ಲ. ಹಣವೂ ವಾಪಸ್ ಬಂದಿಲ್ಲ. ಪೂರ್ತಿ 18,400 ರೂ. ಮರಳಿಸಬೇಕು."

ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು, ಬಾಡಿಗೆ ಯಂತ್ರಕ್ಕೆ ದುಡ್ಡು ಹೋಯಿತು ಎಂಬುದೆಲ್ಲ ಇದರಲ್ಲಿಲ್ಲ. ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಮಾರಿದವನಿಂದ ಕಾರ್ಡಿನ ಹಣ ವಾಪಸ್ ಪಡೆಯುವ ದಾರಿಯಲ್ಲಿ ಬರುವುದು ಕಟ್ಟಿದ ಹಣ ಮಾತ್ರ. ನಷ್ಟದ ಕಥೆ ಓದುವವನ ಕಣ್ಣನ್ನು ತಾರೀಖುಗಳಿಂದ ಆಚೆ ಎಳೆಯುತ್ತದೆ. ಲಗತ್ತು ಮೂರು: ಆರ್ಡರ್ ಇಮೇಲ್, ಕಾರ್ಡ್ ಸ್ಟೇಟ್‌ಮೆಂಟಿನ ಆ ಸಾಲು, ಇಮೇಲ್ ಮಾತುಕತೆ. ಹಳೆಯ ಕ್ಲೇಮಿಗೆ ಹದಿನಾಲ್ಕೋ ಹದಿನೈದೋ ಸ್ಕ್ರೀನ್‌ಶಾಟ್ ಹಾಕಿ ನೋಡಿದ್ದೆ. ಅದರಲ್ಲಿ ತಾರೀಖು ಕಾಣುವಂಥವು ಎರಡೇ ಇದ್ದವು. ವಾಟ್ಸಾಪಿನಲ್ಲಿ "ಇಂದು", "ನಿನ್ನೆ" ಅಂತಷ್ಟೇ ಬಂದರೆ ಆ ಚಿತ್ರ ದಂಡ. "ಮುಂದಿನ ವಾರ" ಎಂದು ಅವರ ಬಾಯಿಂದಲೇ ಲಿಖಿತದಲ್ಲಿ ಬರಿಸಿದ ಇಮೇಲಿನ ಒಕ್ಕಣೆ ಮಾತ್ರ ಇಲ್ಲಿ ಹಾಕುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಇನ್ನು ಗಡುವು. ಮಾಲು ಬಾರದ ಪ್ರಕರಣಕ್ಕೆ ವೀಸಾ ಲೆಕ್ಕದಲ್ಲಿ ತಲುಪಬೇಕಾಗಿದ್ದ ದಿನದಿಂದ 120 ದಿನ. ಮಾರ್ಚ್ 18ರಿಂದ ಎಣಿಸಿದರೆ ಜುಲೈ 16. ಆದರೆ ಅದು ಬ್ಯಾಂಕು ಮುಂದಕ್ಕೆ ಕಳಿಸಬೇಕಾದ ಗಡುವು, ನಮ್ಮದಲ್ಲ. ಕಾರ್ಡಿನ ನಿಯಮಪತ್ರ ತೆಗೆದು ನೋಡಿ, ಸ್ಟೇಟ್‌ಮೆಂಟ್ ಬಂದ ಮೇಲೆ ಇಷ್ಟು ದಿನದೊಳಗೆ ತಿಳಿಸಬೇಕು ಎಂದು ಇನ್ನೂ ಚಿಕ್ಕ ಗಡುವು ಇರಬಹುದು. ಅದಕ್ಕೇ ಕ್ಯಾಲೆಂಡರಿನಲ್ಲಿ ಪಾವತಿಯ ದಿನದಿಂದಲೇ ಎಣಿಸಿ ಜುಲೈ 2 ಎಂದು ಗುರುತು ಹಾಕಿ, ಅರ್ಜಿ ಏಪ್ರಿಲ್ 12ಕ್ಕೇ ಕೊಟ್ಟದ್ದು. ತೀರಾ ಬೇಗ ಹೋದರೂ ಕೆಲಸವಿಲ್ಲ: ತಲುಪುವ ದಿನ ಹೇಳಿರದಿದ್ದರೆ 15 ದಿನ ಕಾಯಬೇಕು. "ಮುಂದಿನ ವಾರ" ಎಂದು ಎಳೆಯುವವರ ಆಟ ಇರುವುದೇ ಈ 120 ದಿನ ದಾಟಿಸುವುದರಲ್ಲಿ.

ತಿಂಗಳ ಮೇಲೆ ಮಾರಿದವನ ಉತ್ತರ ಬಂತು: "ತಲುಪಿಸಲಾಗಿದೆ" ಎಂಬ ಕೊರಿಯರ್ ಚೀಟಿ. ಹೆಚ್ಚಿನವರು ಸೋಲುವುದು ಇಲ್ಲಿ. ಬ್ಯಾಂಕು ಮಾರುತ್ತರಕ್ಕೆ ಕೊಟ್ಟದ್ದು ವಾರದಷ್ಟು ಸಮಯ, ಅದೂ ಇಮೇಲಿನಲ್ಲಿ. ಉತ್ತರಿಸದಿದ್ದರೆ ಕೊಟ್ಟ ತಾತ್ಕಾಲಿಕ ಜಮೆಯನ್ನೂ ಹಿಂದಕ್ಕೆ ತೆಗೆಯುತ್ತಾರೆ. ಚೀಟಿ ದೊಡ್ಡದು ಮಾಡಿ ನೋಡಿದರೆ ಪಿನ್‌ಕೋಡ್ 577101, ಅಂದರೆ ಚಿಕ್ಕಮಗಳೂರು ಪೇಟೆ. ಆರ್ಡರಿನಲ್ಲಿದ್ದದ್ದು ಮೂಡಿಗೆರೆಯ 577132. ಉತ್ತರ ಎರಡು ವಾಕ್ಯ: "ಚೀಟಿಯ ಪಿನ್ 577101, ಆರ್ಡರಿನ ಪಿನ್ 577132. ಪಡೆದವರ ಸಹಿ ನನ್ನದಲ್ಲ." ನಮ್ಮ ಕಡೆ ತೋಟದವರೆಗೆ ಕೊರಿಯರ್ ಬರದೆ ಪೇಟೆಯ ಯಾವುದೋ ಅಂಗಡಿಯಲ್ಲಿ ಇಟ್ಟು ಹೋಗುವುದುಂಟು, ಆದ್ದರಿಂದ ಹೀಗೆ ಬರೆಯುವ ಮೊದಲು ಅಲ್ಲೊಮ್ಮೆ ವಿಚಾರಿಸಿಕೊಳ್ಳಿ.

"ಹಣ ಹಾಕಿದ್ದೇವೆ, ಕ್ಲೇಮು ಹಿಂತೆಗೆಯಿರಿ" ಎಂದು ಫೋನ್ ಬಂದರೆ 23 ಅಂಕಿಯ ಎಆರ್‌ಎನ್ ನಂಬರು ಕೇಳಿ. ಕಾರ್ಡಿಗೆ ನಿಜವಾಗಿ ಹಣ ಮರಳಿಸಿದ್ದರೆ ಆ ನಂಬರು ಇದ್ದೇ ಇರುತ್ತದೆ, ಬ್ಯಾಂಕಿನಲ್ಲಿ ಹುಡುಕಿಸಬಹುದು. ಸ್ಟೇಟ್‌ಮೆಂಟಿನಲ್ಲಿ ಜಮೆ ಕಾಣುವವರೆಗೆ ಹಿಂತೆಗೆಯಬೇಡಿ.

ಬ್ಯಾಂಕೇ 30 ದಿನ ಸುಮ್ಮನಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಬ್ಯಾಂಕು ಕೊಟ್ಟ ದೂರಿನ ನಂಬರು ಅದಕ್ಕೆ ಬೇಕಾಗುತ್ತದೆ. ಅಷ್ಟರವರೆಗೆ ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟುತ್ತಿರಿ. 18,400 ಹಿಡಿದಿಟ್ಟುಕೊಂಡು ಕೂತರೆ, ಕ್ಲೇಮು ಬಿದ್ದ ದಿನ ಅದರ ಬಡ್ಡಿಯೂ ತಲೆಗೆ ಬರಬಹುದು.