ಪಗಾರದ ಅಡ್ವಾನ್ಸ್ ಕೇಳಿದ್ದು, ಎರಡನೇ ಸಲ ಸರಿಯಾಗಿ

ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನಾಗ ಲೋಡಿಂಗ್ ಲೆಕ್ಕ ಬರಿತೀನಿ, ಪಗಾರ 23,000. ಇಎಸ್‌ಐ ಲಿಮಿಟ್ 21,000 ದಾಟೈತಿ ಅಂತ ಆ ಕಾರ್ಡೂ ಇಲ್ಲ. ಅವ್ವಗ ಪಿತ್ತಕೋಶದ ಕಲ್ಲು, ಆಪರೇಷನ್ ಅಂದ್ರು, ಆಸ್ಪತ್ರೆ ಎಸ್ಟಿಮೇಟ್ 46,000. ನನ್ನ ಹತ್ರ ಇದ್ದದ್ದು 22,000.

ಮೊದಲ್ನೇ ಸಲ ಕೇಳಿದ್ದು ಪೂರಾ ತಪ್ಪಾತು. ಭತ್ತದ ಲಾರಿ ನಿಂತಾವ, ಹಮಾಲರು ಕೂಲಿ ಕೇಳಾಕತ್ತಾರ, ಅದರ ನಡುವ ಸಾವ್ಕಾರ್ರ ಮುಂದ ನಿಂತು ಅವ್ವನ ಹೊಟ್ಟಿನೋವಿಂದ ಹಿಡಿದು ಅಣ್ಣ ರೊಕ್ಕ ಕೊಡಲಿಲ್ಲ ಅನ್ನೋತನ ಎಲ್ಲಾ ಹೇಳಿದೆ, ಎಷ್ಟು ಬೇಕು ಅಂತ ಮಾತ್ರ ಹೇಳ್ಲಿಲ್ಲ. "ನೋಡೋಣ್ ತಗೋ" ಅಂದ್ರು, ಮುಗೀತು. ಅಲ್ಲಿದ್ದೋರಿಗೆಲ್ಲ ನಮ್ಮ ಮನಿ ಕಥಿ ಗೊತ್ತಾತು ಅಷ್ಟ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಪಿಎಫ್ 1,800 ಹೋದ್ರ ಕೈಗೆ 21,200, ಬಾಡಿಗಿ, ಕಿರಾಣಿ, ಹುಡುಗರ ಫೀಸು, ಬೈಕಿನ ಕಂತು ಸೇರಿ 16,500. ಉಳಿಯೋದು 4,700. ಅಂದ್ರ ತಿಂಗಳಿಗೆ 4,000 ಕಡಿದ್ರ ತಡಕೋಬಹುದು, ಅದಕ್ಕಿಂತ ಜಾಸ್ತಿ ಆದ್ರ ಮತ್ತ ಕೈಗಡ ತಗೋಬೇಕು. ಕಂತು ನಾವ ಹೇಳದಿದ್ರ ಅವರು ಒಂದೇ ಸಲಕ್ಕ ಹತ್ತು ಸಾವಿರ ಕಡೀತಾರ, ನಮ್ಮಲ್ಲೊಬ್ಬನಿಗೆ ಹಂಗ ಆಗಿತ್ತು.

ಮುಂಜಾನಿ ಪೂಜಿ ಆದ್ಮ್ಯಾಲ ಆಫೀಸಿನಾಗ ಒಬ್ರ ಇದ್ದಾಗ ಈ ಚೀಟಿ ಕೊಟ್ಟೆ:

"ಮಾನ್ಯರೇ, ನಮ್ಮ ತಾಯಿಗೆ ಇದೇ 22ಕ್ಕೆ ಆಪರೇಷನ್ ಇದೆ. 24,000 ರೂ. ಸಂಬಳದ ಮುಂಗಡ ಬೇಕಾಗಿದೆ. ಮುಂದಿನ ತಿಂಗಳಿಂದ 4,000ದಂತೆ ಆರು ಕಂತಿನಲ್ಲಿ ಕಡಿದುಕೊಳ್ಳಬೇಕೆಂದು ವಿನಂತಿ. 18ರೊಳಗೆ ಸಿಕ್ಕರೆ ಅನುಕೂಲ. ಆಸ್ಪತ್ರೆ ಎಸ್ಟಿಮೇಟ್ ಲಗತ್ತಿಸಿದೆ."

ಬ್ಯಾನಿ ಹೆಸರು ಬರೀಲಿಲ್ಲ, ಎಸ್ಟಿಮೇಟ್‌ನಾಗ ಐತಲ್ಲ. ಬಾಯಿಲೆ ಹೇಳಿದ್ದು ಒಂದ ಮಾತು, "ಸಾವ್ಕಾರ್ರ, ಒಂದ್ಸಲ ನೋಡ್ರಿ, ಆಗ್ಲಿಲ್ಲಂದ್ರ ನಾಳಿ ಸಂಜಿಯೊಳಗ ಹೇಳ್ರಿ, ಬ್ಯಾರೆ ಕಡೆ ನೋಡ್ತೀನಿ". ಇದು ಧಮಕಿ ಅಲ್ರಿ, ದಿನ ಕಮ್ಮಿ ಇದ್ವು. ಸಂಜಿಗೆ ಕರೆದು, "ಈಗ ಭತ್ತಕ್ಕ ರೊಕ್ಕ ಹೊಂಟೈತಿ, ಇಪ್ಪತ್ತು ಕೊಡ್ತೀನಿ" ಅಂದ್ರು. ಹೂಂ ಅಂದೆ, ಚೀಟಿಯೊಳಗ 20,000, ಐದು ಕಂತು ಅಂತ ತಿದ್ದಿಸಿ ಸಹಿ ಹಾಕಿಸ್ಕೊಂಡೆ. ವೋಚರಿಗೆ ಒಂದ್ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ ನಾನೂ ಸಹಿ ಮಾಡ್ದೆ, ಎರಡರದ್ದೂ ಫೋಟೋ ಹೊಡ್ಕೊಂಡೆ. ಉಳಿದ ನಾಕು ಸಾವಿರ ಮಾವ ಕೊಟ್ಟ.

ಮೂರನೇ ತಿಂಗಳು 6,000 ಕಡಿದಿದ್ರು. ಅಕೌಂಟೆಂಟಿಗೆ ಫೋಟೋ ತೋರಿಸಿದೆ, ಜಗಳ ಇಲ್ಲ ಏನಿಲ್ಲ, 2,000 ಅವತ್ತ ವಾಪಸ್ ಹಾಕಿದ. ಐದನೇ ಕಂತು ಮುಗಿದ ದಿನ ಅದೇ ಚೀಟಿ ಮ್ಯಾಲ "ಬಾಕಿ ಇಲ್ಲ" ಅಂತ ಬರೆಸ್ಕೊಂಡು ಮನಿಗೆ ತಂದಿಟ್ಟೀನಿ.